ಮಳೆಪುಸ್ತಕದಿಂದ ವೇದಿಕೆಗೆ

ಜಾವಳಿ ಸುತ್ತಮುತ್ತ ಮಳೆಯ ಲೆಕ್ಕ ಇಡದ ತೋಟದ ಮನೆ ಕಡಿಮೆ. ಹೇಮಾವತಿ ಹುಟ್ಟುವ ಊರಿನವರಿಗೆ ಅದು ಸಹಜ. ಅಜ್ಜನ ಕಾಲದ ಉದ್ದನೆಯ ಪುಸ್ತಕದಲ್ಲಿ ದಿನಕ್ಕೊಂದು ಸಾಲು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಯಾವ ಬ್ಲಾಕಿನಿಂದ ಎಷ್ಟು ಮೂಟೆ ಚೆರಿ ಬಂತು ಎಂಬುದೂ ಇರುತ್ತದೆ. ಸಂಶೋಧಕರು ಹುಡುಕುವ ದೀರ್ಘ ದಾಖಲೆ ಅಂದರೆ ಇದೇ. ಆದರೂ ಕಾಫಿ ಸಮ್ಮೇಳನಗಳ ವೇದಿಕೆಯಲ್ಲಿ ಬೆಳೆಗಾರರ ಲೆಕ್ಕ ಕಾಣುವುದು ಅಪರೂಪ. ಅಲ್ಲಿ ಮಾತನಾಡಲು ಅವಕಾಶ ಕೋರಿ ಬರುವ ಪ್ರಸ್ತಾವಗಳನ್ನು ಓದಿ ಅಂಕ ಹಾಕುವ ಕೆಲಸವನ್ನು ನಾನೂ ಮಾಡಿದ್ದೇನೆ. ಲೆಕ್ಕ ಚೆನ್ನಾಗಿದ್ದೂ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಎಡವಿದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಈ ವಾರ ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆಯ ಒಬ್ಬ ಯುವಕ ಬರೆದು ತಂದಿದ್ದ ಪ್ರಸ್ತಾವವೇ ಇದಕ್ಕೆ ಒಳ್ಳೆಯ ಉದಾಹರಣೆ. ತೋಟದ ಗುರುತು ಸಿಗದಿರಲೆಂದು ಅಂಕಿಗಳನ್ನು ಬದಲಿಸಿದ್ದೇನೆ, ಅವನ್ನು ಮಾದರಿಯಾಗಿ ಮಾತ್ರ ಓದಿ. ಅವನ ಮೊದಲ ಶೀರ್ಷಿಕೆ ಹೀಗಿತ್ತು: “ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಯ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ: ಒಂದು ಅವಲೋಕನ.”

ಓದಲು ಗಂಭೀರವಾಗಿಯೇ ಇದೆ. ಆದರೆ ಅವನ ಕೈಯಲ್ಲಿದ್ದದ್ದು ಒಂದು ತೋಟ, ಜಿಲ್ಲೆಯಲ್ಲ. ಅಳೆದದ್ದು ಮಳೆ ಮಾತ್ರ, ಉಷ್ಣಾಂಶದ ದಾಖಲೆ ಇಲ್ಲವೇ ಇಲ್ಲ. ‘ಕಾಫಿ’ ಎಂದರೆ ಅರೇಬಿಕಾವೂ ಆಯಿತು, ರೋಬಸ್ಟಾವೂ ಆಯಿತು. ಅವನ ಲೆಕ್ಕ ರೋಬಸ್ಟಾದ ಒಂದೇ ಬ್ಲಾಕಿನದು. ‘ಅವಲೋಕನ’ ಎಂಬ ಪದವಂತೂ ‘ನನಗೆ ಏನೂ ಸಿಕ್ಕಿಲ್ಲ’ ಎಂದು ಒಪ್ಪಿಕೊಂಡ ಹಾಗೆ. ವಿಮರ್ಶಕರು ಮೊದಲು ನೋಡುವುದು ಶೀರ್ಷಿಕೆ ಕೇಳುವಷ್ಟು ಜಾಗವನ್ನು ದಾಖಲೆ ತುಂಬುತ್ತದೆಯೇ ಎಂಬುದನ್ನು. ತುಂಬದಿದ್ದರೆ ಮುಂದಿನ ಸಾಲುಗಳನ್ನು ಅನುಮಾನದಿಂದಲೇ ಓದುತ್ತಾರೆ.

“ಅದಿರಲಿ, ನಿನ್ನ ಅಜ್ಜನ ಪುಸ್ತಕ ನೋಡಿದಾಗ ನಿನಗೇ ಆಶ್ಚರ್ಯ ಅನ್ನಿಸಿದ್ದು ಏನು?” ಎಂದು ಕೇಳಿದೆ.

“ಹೂಮಳೆ ಭರ್ಜರಿಯಾಗಿ ಬಂದ ವರ್ಷವೂ ಕೆಲವು ಸಲ ಫಸಲು ಕೈಕೊಟ್ಟಿದೆ ಅಣ್ಣಾ. ತೆಗೆದು ನೋಡಿದ್ರೆ ಎಲ್ಲಾ ಬ್ಯಾಕಿಂಗ್ ತಡ ಆದ ವರ್ಷಗಳೇ.”

ಅವನು ಬರೆದು ತಂದ ಒಂದೂವರೆ ಪುಟದಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಪ್ರಸ್ತಾವ ಇದರಿಂದಲೇ ಶುರುವಾಗಬೇಕಿತ್ತು. ಕಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಲು ಆಗುವವರೆಗೆ ಶೀರ್ಷಿಕೆಗೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಫಿಯ ನಾಡಿನಿಂದ ದೂರ ಇರುವ ಓದುಗರಿಗೆ ಎರಡು ಮಾತು. ಬೇಸಿಗೆಯಲ್ಲಿ ಸುಮಾರು ಒಂದು ಇಂಚು ಮಳೆ ಬಿದ್ದರೆ ರೋಬಸ್ಟಾ ಮೊಗ್ಗು ವಾರದೊಪ್ಪತ್ತಿನಲ್ಲಿ ಅರಳುತ್ತದೆ, ಅದು ಹೂಮಳೆ. ಹೂವು ಉದುರಿ ಕಾಯಿ ಕಚ್ಚಿದ ಮೇಲೆ ಅದನ್ನು ಉಳಿಸಲು ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್. ಇಲ್ಲಿನ ಕೂಲಿಯಾಳಿನಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಬಳಸುವ ಪದಗಳಿವು. ಆದರೆ ಪ್ರಸ್ತಾವ ಓದುವವರು ನಮ್ಮೂರಿನವರೇ ಆಗಿರಬೇಕಿಲ್ಲ. 1978ರಿಂದ ನಡೆಯುತ್ತಿರುವ ಪ್ಲಾಕ್ರೋಸಿಮ್ ಎಂಬ ವಿಚಾರ ಸಂಕಿರಣವನ್ನೇ ನೋಡಿ. ಕಾಸರಗೋಡಿನಲ್ಲಿ ನೆಲೆ ಇರುವ ತೋಟದ ಬೆಳೆಗಳ ಸಂಘ ಕಟ್ಟಿ ಬೆಳೆಸಿದ ಅದರಲ್ಲಿ ತೆಂಗು, ಅಡಿಕೆ, ರಬ್ಬರ್, ಚಹಾ, ಏಲಕ್ಕಿ, ಕಾಫಿ ಎಲ್ಲವೂ ಸೇರುತ್ತವೆ. ನಿಮ್ಮ ಸಾರಾಂಶ ರಬ್ಬರ್ ಬಲ್ಲವರ ಕೈಗೂ ಹೋಗಬಹುದು. ಅವರಿಗೆ ಬ್ಯಾಕಿಂಗ್ ಅಂದರೆ ಏನೆಂದು ಅರ್ಧ ವಾಕ್ಯದಲ್ಲಿ ಹೇಳಬೇಕು. ‘1 ಇಂಚು 20 ಸೆಂಟ್’ ಎಂಬುದನ್ನು 30.5 ಮಿಲಿಮೀಟರ್ ಮಾಡಬೇಕು, ಮೂಟೆಯನ್ನು ಕಿಲೋ ಮಾಡಬೇಕು. ಒಣ ಚೆರಿಯೋ, ಸಂಸ್ಕರಿಸಿದ ಬೀಜವೋ ಎಂದು ಹೇಳದೆ ತೂಕ ಬರೆದರೆ ಆ ಅಂಕಿಗೆ ಬೆಲೆಯೇ ಇಲ್ಲ. ಒಣ ಚೆರಿಯಿಂದ ಸಿಗುವ ಬೀಜ ಅದರ ಅರ್ಧದ ಆಸುಪಾಸು ಮಾತ್ರ.

ಎರಡು ಸಂಜೆ ಕೂತು ಶೀರ್ಷಿಕೆಯನ್ನು ಹೀಗೆ ಮಾಡಿದೆವು: “ಹೂಮಳೆ ಸಾಲದು: ಬ್ಯಾಕಿಂಗ್ ಮಳೆ ತಡವಾದಾಗ ರೋಬಸ್ಟಾ ಫಸಲು — ಮೂಡಿಗೆರೆಯ ಒಂದು ತೋಟದ 24 ವರ್ಷಗಳ ದಾಖಲೆ.” ಮೊದಲ ಎರಡು ಪದಗಳಲ್ಲೇ ಕಂಡದ್ದು ಬಂತು. ಆಮೇಲೆ ಯಾವ ಬೆಳೆ, ಯಾವ ಊರು, ಎಷ್ಟು ಕಾಲ ಎಂಬುದು ಬಂತು. ‘ಒಂದು ತೋಟದ’ ಎಂಬುದನ್ನು ತೆಗೆಯೋಣ, ಸಣ್ಣದು ಅನ್ನಿಸುತ್ತದೆ ಎಂದು ಅವನು ಹಟ ಹಿಡಿದ. ನಾನು ಬಿಡಲಿಲ್ಲ. ಆ ಮಿತಿಯನ್ನು ನಾವೇ ಹೇಳಿದರೆ ಅದು ಪ್ರಾಮಾಣಿಕತೆ, ವಿಮರ್ಶಕರು ಹುಡುಕಿ ತೆಗೆದರೆ ದೋಷ. 24 ವರ್ಷ ಎಂಬ ಅಂಕಿ ಪಕ್ಕದಲ್ಲಿದ್ದಾಗ ‘ಒಂದು ತೋಟ’ ಸಣ್ಣದಾಗಿ ಕಾಣುವುದೂ ಇಲ್ಲ.

ಸಾರಾಂಶದ ವಿಷಯದಲ್ಲಿ ನಾನು ನಂಬುವುದು ಸಾಫ್ಟ್‌ವೇರ್ ಲೋಕದ ಕೆಂಟ್ ಬೆಕ್ ಹೇಳಿದ ಒಂದು ಕ್ರಮವನ್ನು. ಓಪ್ಸ್ಲಾ ಎಂಬ ಸಮ್ಮೇಳನಕ್ಕೆ ಪ್ರಬಂಧ ಕಳಿಸುವವರಿಗಾಗಿ 1990ರ ದಶಕದಲ್ಲಿ ಅವರು ಹೇಳಿದ್ದು ಇಷ್ಟೇ: ಸಾರಾಂಶಕ್ಕೆ ನಾಲ್ಕು ವಾಕ್ಯ ಸಾಕು. ಸಮಸ್ಯೆ ಏನು, ಅದು ಯಾಕೆ ಸಮಸ್ಯೆ, ಓದುಗ ಬೆಚ್ಚಿಬೀಳುವಂಥ ಒಂದು ಮಾತು, ಆ ಮಾತಿನಿಂದ ಏನಾಗುತ್ತದೆ. ಕೃಷಿ ಸಮ್ಮೇಳನಕ್ಕೆ ಇದು ಹಾಗೇ ಹೊಂದುವುದಿಲ್ಲ. ಇಲ್ಲಿ ‘ಹೇಗೆ ಅಳೆದಿರಿ’ ಎಂಬುದನ್ನೂ ಹೇಳಲೇಬೇಕು. ಅದಕ್ಕೆ ಎರಡನೆಯ ವಾಕ್ಯವನ್ನು ಮೊದಲನೆಯದರೊಳಗೆ ಮಡಚಿ, ಉಳಿದ ಜಾಗವನ್ನು ವಿಧಾನಕ್ಕೆ ಕೊಡುತ್ತೇನೆ.

ಹುಡುಗನ ಮೊದಲ ಕರಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಬಾಬಾಬುಡನ್, ಜಗತ್ತಿನ ಕಾಫಿ ಮಾರುಕಟ್ಟೆ, ಕರ್ನಾಟಕದ ಪಾಲು ಇವಕ್ಕೇ ಹೋಗಿತ್ತು. ಕಾಫಿ ಅಧಿವೇಶನದ ವಿಮರ್ಶಕರಿಗೆ ಕಾಫಿಯ ಮಹತ್ವ ಹೇಳಬೇಕಾಗಿಲ್ಲ. ಕೊನೆಯ ಸಾಲು “ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು” ಎಂದಿತ್ತು. ನಾನು ಓದಿದ ರಾಶಿಗಳಲ್ಲಿ ಅತಿ ಹೆಚ್ಚು ಪ್ರಸ್ತಾವಗಳನ್ನು ಕೆಡಿಸಿದ ಸಾಲು ಇದು. ಕೆಲಸ ಇನ್ನೂ ಮುಗಿದಿಲ್ಲ ಎಂದೇ ವಿಮರ್ಶಕರು ಅದನ್ನು ಓದುತ್ತಾರೆ. ಎರಡನ್ನೂ ಕಿತ್ತುಹಾಕಿದ ಮೇಲೆ ಉಳಿದು ಬೆಳೆದದ್ದು ಇದು:

“ಹೂಮಳೆಯ ನಂತರ ಕಾಯಿ ಉಳಿಸುವ ಎರಡನೇ ಮಳೆ (ಬ್ಯಾಕಿಂಗ್) ಎಷ್ಟು ತಡವಾದರೆ ರೋಬಸ್ಟಾ ಫಸಲಿಗೆ ಪೆಟ್ಟು ಎಂಬುದನ್ನು ಬೆಳೆಗಾರರು ಅಂದಾಜಿನಿಂದ ಹೇಳುತ್ತಾರೆ, ನೀರು ಹಾಯಿಸುವ ತೀರ್ಮಾನವೂ ಆ ಅಂದಾಜಿನ ಮೇಲೇ ನಿಂತಿದೆ. ಮೂಡಿಗೆರೆ ತಾಲ್ಲೂಕಿನ ಒಂದು ತೋಟದಲ್ಲಿ, ಎಂದೂ ಸ್ಪ್ರಿಂಕ್ಲರ್ ಹಾಕದ 6 ಎಕರೆ ಬ್ಲಾಕಿನ 24 ವರ್ಷಗಳ ದಿನವಾರು ಮಳೆಯನ್ನು ಅದೇ ಬ್ಲಾಕಿನ ಒಣ ಚೆರಿ ತೂಕದೊಂದಿಗೆ ಹೋಲಿಸಿದೆವು. ಹೂಮಳೆ 25 ಮಿ.ಮೀ. ದಾಟಿದ 17 ವರ್ಷಗಳ ಪೈಕಿ, ಬ್ಯಾಕಿಂಗ್ 21 ದಿನದೊಳಗೆ ಬಂದ 11 ವರ್ಷಗಳಲ್ಲಿ ಎಕರೆಗೆ ಸರಾಸರಿ 700 ಕೆ.ಜಿ. ಸಿಕ್ಕಿದರೆ, ತಡವಾದ 6 ವರ್ಷಗಳಲ್ಲಿ 450 ಕೆ.ಜಿ. ಮಾತ್ರ ಸಿಕ್ಕಿತು. ಪ್ರತಿ ವರ್ಷದ ಫಸಲನ್ನು ಅದರ ಹಿಂದಿನ ಎರಡು ವರ್ಷಗಳ ಸರಾಸರಿಯ ಎದುರು ಇಟ್ಟಾಗಲೂ ಅಂತರ ಉಳಿಯಿತು. ಇದು ಒಂದೇ ತೋಟದ ದಾಖಲೆ. ಆದರೂ ಒಂದೇ ಸುತ್ತಿಗೆ ಸಾಲುವಷ್ಟು ನೀರಿರುವವರು ಅದನ್ನು ಹೂವಿಗೆ ಕೊಡಬೇಕೋ ಬ್ಯಾಕಿಂಗ್‌ಗೆ ಉಳಿಸಬೇಕೋ ಎಂಬ ಪ್ರಶ್ನೆಯನ್ನು ಮುಂದಿಡುತ್ತದೆ.”

ಇದರಲ್ಲಿ ಎರಡು ತುಣುಕುಗಳು ವಿಮರ್ಶಕರು ಕೇಳಬಹುದಾದ ಪ್ರಶ್ನೆಗೆ ಮೊದಲೇ ಕೊಟ್ಟ ಉತ್ತರ. ‘ಎಂದೂ ಸ್ಪ್ರಿಂಕ್ಲರ್ ಹಾಕದ’ ಎಂಬುದು ಮೊದಲನೆಯದು. ರೋಬಸ್ಟಾ ತೋಟಗಳಲ್ಲಿ ಮಳೆ ಬಾರದಿದ್ದರೆ ಕೆರೆಯ ನೀರೆತ್ತಿ ಹೂವು ಅರಳಿಸುವುದು ಮಾಮೂಲು. ನೀರು ಹಾಕಿದ ವರ್ಷವೂ ಲೆಕ್ಕದಲ್ಲಿ ಸೇರಿಕೊಂಡಿದ್ದರೆ ಮಳೆಗೂ ಫಸಲಿಗೂ ಇರುವ ಸಂಬಂಧ ಕಲಸಿಹೋಗುತ್ತದೆ. ಹಿಂದಿನ ಎರಡು ವರ್ಷಗಳ ಎದುರು ಇಟ್ಟದ್ದು ಎರಡನೆಯದು. ಒಂದು ವರ್ಷ ಗಿಡ ತುಂಬಿ ಬಿಟ್ಟರೆ ಮರುವರ್ಷ ಸೋಲುತ್ತದೆ ಎಂಬುದು ಕಾಫಿ ಬಲ್ಲವರಿಗೆಲ್ಲ ಗೊತ್ತು. ಆ ಏರಿಳಿತವನ್ನೇ ಮಳೆಯ ಫಲ ಎಂದು ತಿಳಿದಿರೇನೋ ಎಂದು ಅವರು ಕೇಳಿಯೇ ಕೇಳುತ್ತಾರೆ.

ಇನ್ನೊಂದು ದೋಷ ಸಾರಾಂಶದಲ್ಲಿ ಕಾಣುವುದಿಲ್ಲ, ಆದರೆ ವೇದಿಕೆಯಲ್ಲಿ ಮಾನ ಕಳೆಯುತ್ತದೆ. ಮಾರ್ಚ್‌ನಲ್ಲಿ ಅರಳಿದ ರೋಬಸ್ಟಾ ಕೊಯ್ಲಿಗೆ ಬರುವುದು ಮುಂದಿನ ವರ್ಷದ ಜನವರಿ, ಫೆಬ್ರವರಿಗೆ. 2019ರ ಮಳೆಯ ಎದುರು 2019ರ ಮೂಟೆ ಬರೆದರೆ ಹಿಂದಿನ ಹೂವಿನ ಕಾಯಿಯನ್ನು ಈ ವರ್ಷದ ಮಳೆಗೆ ಕಟ್ಟಿದಂತಾಯಿತು. ಹುಡುಗನ ಪಟ್ಟಿಯನ್ನು ಈ ಕಣ್ಣಿನಿಂದ ಒಮ್ಮೆ ಪೂರ್ತಿ ತಿರುವಿ ನೋಡಿದ ಮೇಲೆಯೇ ಸಾರಾಂಶಕ್ಕೆ ಅಂಕಿ ಹಾಕಿದೆವು.

ಉಳಿದವು ಸಣ್ಣ ಸಂಗತಿಗಳು. ಪದಮಿತಿ ಸಾಮಾನ್ಯವಾಗಿ 250ರಿಂದ 300. ದಾಟಿದರೆ ಎಷ್ಟೋ ಕಡೆ ಅರ್ಜಿಯ ಪುಟವೇ ಸ್ವೀಕರಿಸುವುದಿಲ್ಲ. ಹೆಸರು ಮರೆಮಾಡಿ ಓದುವ ಸಮ್ಮೇಳನವಾದರೆ ತೋಟದ ಹೆಸರನ್ನು ಸಾರಾಂಶದೊಳಗೆ ಬರೆಯಬಾರದು. ಯಾವ ವಿಭಾಗಕ್ಕೆ ಕಳಿಸುತ್ತೀರಿ ಎಂಬುದರ ಮೇಲೆ ಯಾರು ಓದುತ್ತಾರೆ ಎಂಬುದು ನಿಂತಿದೆ. ಇದನ್ನು ಬೇಸಾಯ ವಿಭಾಗಕ್ಕೆ ಕಳಿಸಿದೆವು. ಹವಾಮಾನ ವಿಭಾಗದವರು ಉಷ್ಣಾಂಶ ಎಲ್ಲಿ ಎಂದು ಕೇಳುತ್ತಿದ್ದರು.

ಭಾಷಣದ ಅವಕಾಶ ಕೇಳಿದವರಿಗೆ ಪೋಸ್ಟರ್ ಕೊಡುವುದೂ ಉಂಟು. ಅದನ್ನು ತಳ್ಳಿಹಾಕಬೇಡಿ. 1991ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ನಡೆದ ಹೈಪರ್‌ಟೆಕ್ಸ್ಟ್ ಸಮ್ಮೇಳನಕ್ಕೆ ಟಿಮ್ ಬರ್ನರ್ಸ್-ಲೀ ಕಳಿಸಿದ ಪ್ರಬಂಧ ತಿರಸ್ಕೃತವಾಯಿತು. ಅವರು ಪ್ರಾತ್ಯಕ್ಷಿಕೆಯ ಅವಕಾಶವನ್ನೇ ಹಿಡಿದು ಹೋಗಿ ತೋರಿಸಿದ್ದು ವರ್ಲ್ಡ್ ವೈಡ್ ವೆಬ್.

ನಮ್ಮ ಹುಡುಗನಿಗೆ ಭಾಷಣದ ಅವಕಾಶವೇ ಸಿಕ್ಕಿತು, 10 ನಿಮಿಷ. ಜೊತೆಗೆ ವಿಮರ್ಶಕರ ಒಂದು ಪ್ರಶ್ನೆ: ಮಳೆಮಾಪಕ ಇಟ್ಟ ಜಾಗ ಬಯಲೋ, ಮರದ ನೆರಳೋ? ನಮಗಿಬ್ಬರಿಗೂ ಹೊಳೆಯದೇ ಇದ್ದ ಪ್ರಶ್ನೆ. ಸಿಲ್ವರ್ ಓಕ್ ಬೆಳೆದು ಹರಡಿಕೊಂಡರೆ ಅದರಡಿಯ ಮಾಪಕ ವರ್ಷ ವರ್ಷಕ್ಕೂ ಕಡಿಮೆ ತೋರಿಸುತ್ತದೆ; ಆಗ 24 ವರ್ಷದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಪುಣ್ಯಕ್ಕೆ ಅವರ ಮಾಪಕ ಮೊದಲಿನಿಂದಲೂ ಕಾಫಿ ಒಣಗಿಸುವ ಕಣದ ಬದಿಯಲ್ಲಿ, ಬಯಲಲ್ಲೇ ಇದೆ. ಆ ಒಂದು ಸಾಲನ್ನು ಸೇರಿಸಿ, ಜಾಗ ಹಿಡಿಸಲು ‘ದಿನವಾರು’ ಪದದ ಆಸುಪಾಸು ನಾಲ್ಕು ಪದ ಕತ್ತರಿಸಿ, ಅಂತಿಮ ಪ್ರತಿ ಕಳಿಸಿದ.