ಮುಖತಃ ಹೇಳಿಕೆ, ಲಿಖಿತ ಹೇಳಿಕೆ

ಗುರುವಾಯನಕೆರೆಯ ಸುತ್ತಣ ಗ್ರಾಮಗಳಲ್ಲಿ ಬ್ರಹ್ಮಕಲಶವಾಗಲಿ ಶಾಲೆಯ ಶತಮಾನೋತ್ಸವವಾಗಲಿ ಸಮೀಪಿಸಿತೆಂದರೆ, ಸಮಿತಿಯವರು ಮನೆಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ-ನೀರನ್ನು ಕುಡಿದು ಹೇಳಿಕೆಯಿತ್ತು ಬರುವುದು ಹಿಂದಿನಿಂದ ನಡೆದುಬಂದ ಕ್ರಮ. ಊರಿನ ಮಕ್ಕಳು ಮುಂಬಯಿ, ಬೆಂಗಳೂರು, ದುಬಾಯಿಗಳಲ್ಲಿ ನೆಲಸಿರುವ ಈ ಕಾಲದಲ್ಲಿ ಆ ಜಗಲಿಗಳೆಲ್ಲ ದೂರವಾದುದರಿಂದ, ವಾಟ್ಸ್‌ಆಪ್‌ನಲ್ಲಿ ಕಳುಹಿಸುವ ಪುಟ್ಟ ವಿಡಿಯೋ ಆ ಹೇಳಿಕೆಯ ಸ್ಥಾನಕ್ಕೆ ಬರತೊಡಗಿದೆ. ಎಲ್ಲಿ ಅದು ಸಲ್ಲುತ್ತದೆ, ಎಲ್ಲಿ ನಾಲ್ಕು ಸಾಲಿನ ಬರಹವೇ ಮೇಲು ಎಂಬುದನ್ನು ಮಾತ್ರ ನಮ್ಮ ಸಮಿತಿಗಳು ವಿಚಾರಿಸಿದಂತೆ ಕಾಣುವುದಿಲ್ಲ.

ಒಂದು ಶಾಲೆಯ ಮಾಡನ್ನು ದುರಸ್ತಿಗೊಳಿಸುವ ಸಲುವಾಗಿ ಹೊರಟ ಎರಡು ವಿಡಿಯೋಗಳನ್ನು ನಾನು ನೋಡಿದೆ. ಮೊದಲನೆಯದರಲ್ಲಿ ಕಾರ್ಯದರ್ಶಿಗಳು ಪೇಟೆಯ ರಸ್ತೆ ಕವಲೊಡೆಯುವಲ್ಲಿ, ಬಿಳಿಯ ಆಕಾಶಕ್ಕೆ ಬೆನ್ನುಕೊಟ್ಟು ನಿಂತಿದ್ದಾರೆ. ಮುಖ ಕಪ್ಪಾಗಿದೆ, ಚಾರ್ಮಾಡಿಯತ್ತ ಹೋಗುವ ಲಾರಿಗಳ ಸದ್ದು ಮಾತನ್ನು ನುಂಗಿದೆ, ಕಣ್ಣು ಕೈಯಲ್ಲಿರುವ ಕಾಗದದ ಮೇಲಿದೆ. ಪದಾಧಿಕಾರಿಗಳ ಹೆಸರುಗಳು ಮುಗಿದು ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಎರಡು ಸಲ ಓದುವ ಹೊತ್ತಿಗೆ ನಾಲ್ಕು ನಿಮಿಷ ಸಂದಿರುತ್ತದೆ. ಎರಡನೆಯದರಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಸೋರುವ ಹಂಚಿನ ಕೆಳಗೆ, ಕಿಟಕಿಯ ಬೆಳಕಿಗೆ ಮುಖಮಾಡಿ ನಿಂತು, 'ಎಂಚ ಉಲ್ಲ ಮಗಾ' ಎಂದು ಹಳೆಯ ಶಿಷ್ಯನನ್ನು ಹೆಸರುಹಿಡಿದು ಮಾತನಾಡಿಸಿ, ಅವನು ಕುಳಿತಿದ್ದ ಬೆಂಚನ್ನೂ ಅದರ ಮೇಲೆ ಗೆದ್ದಲು ಹಿಡಿದ ಪಕ್ಕಾಸನ್ನೂ ತೋರಿಸಿ, 'ಮಳೆಗಾಲಕ್ಕೆ ಮೊದಲು ಇದನ್ನು ಬದಲಿಸಬೇಕು, ನೀನು ಜೊತೆಗಿರುವೆಯಾ' ಎಂದು ತುಳುವಿನಲ್ಲಿಯೇ ಕೇಳಿ ಮುಕ್ಕಾಲು ನಿಮಿಷದೊಳಗೆ ನಿಲ್ಲಿಸುತ್ತಾರೆ.

ಎರಡನೆಯದರ ಸಾರ್ಥಕ್ಯ ಮಾಸ್ತರರ ವಾತ್ಸಲ್ಯದಲ್ಲಿ ಮಾತ್ರವೇ ಇರುವುದಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳಲ್ಲಿ ಅನೇಕರು ತುಳುವನ್ನು ನಿರರ್ಗಳವಾಗಿ ಆಡಬಲ್ಲರಾದರೂ ಕನ್ನಡ ಲಿಪಿಯನ್ನು ಓದಲಾರರು. ನಮ್ಮ ಆಮಂತ್ರಣಪತ್ರಿಕೆಗಳೋ, ಹಿಂದಿನಿಂದಲೂ ಗ್ರಾಂಥಿಕ ಕನ್ನಡದಲ್ಲಿಯೇ ಅಚ್ಚಾಗುತ್ತವೆ. ಆದಕಾರಣ ತುಳುನಾಡಿನಲ್ಲಿ ವಿಡಿಯೋ ಅಕ್ಷರದ ಅಲಂಕಾರವಲ್ಲ, ಅಕ್ಷರ ಹೋಗಲಾರದ ಮನೆಯೊಳಕ್ಕೆ ಮಾತನ್ನು ಒಯ್ಯುವ ಸಾಧನ. 2023ರಲ್ಲಿ ವಾಟ್ಸ್‌ಆಪ್ ತಂದ, ದುಂಡಗಿನ ಚೌಕಟ್ಟಿನ ವಿಡಿಯೋ ಸಂದೇಶಕ್ಕೆ 60 ಸೆಕೆಂಡುಗಳ ಮಿತಿಯಿದ್ದುದು ಈ ದೃಷ್ಟಿಯಿಂದ ಉಪಕಾರವೇ ಆಯಿತೆನ್ನಬೇಕು. ನಮ್ಮ ಭಾಷಣಕಾರರನ್ನು ತಡೆಯುವ ಶಕ್ತಿ ಬೇರಾವುದಕ್ಕೂ ಇದ್ದಂತಿಲ್ಲ. ಆ ಸಂದೇಶ ಮೊದಲು ಸದ್ದಿಲ್ಲದೆ ಓಡುತ್ತದೆ, ಮುಟ್ಟಿದ ಮೇಲೆಯೇ ಧ್ವನಿ ಕೇಳಿಸುತ್ತದೆ. ಹಾಗಾಗಿ ಮೊದಲ ಕೆಲವು ಕ್ಷಣಗಳಲ್ಲಿ ಪರಿಚಿತವಾದ ಮುಖವೋ ಮಾಡಿನ ಬಿರುಕೋ ಕಣ್ಣಿಗೆ ಬೀಳದಿದ್ದರೆ ಮುಂದಿನ ಮಾತನ್ನು ಕೇಳಲು ಯಾರೂ ಮುಟ್ಟರು.

ಆದರೆ ಇಂತಹ ವಿಡಿಯೋವನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತೆಗೆಯಬೇಕಾಗುವುದರಿಂದ ನೂರಾರು ಮಂದಿಗೆ ಕಳುಹಿಸುವುದು ಆಗಹೋಗದ ಮಾತು. ಮಾಸ್ತರರನ್ನು ಬಲ್ಲ ಹತ್ತಿಪ್ಪತ್ತು ಮಂದಿಗೆ ಅದು ಸಾಕು. ಮೊದಲನೆಯ ವಿಡಿಯೋವನ್ನು ಕಾರ್ಯದರ್ಶಿಗಳು ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಹಂಚಿದರು. ಅಂತಹ ಪಟ್ಟಿಗೆ 256 ಮಂದಿಯ ಮಿತಿಯುಂಟು, ಮೇಲಾಗಿ ಕಳುಹಿಸಿದವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರದವರಿಗೆ ಅದು ತಲುಪುವುದೇ ಇಲ್ಲ. ಸಮಿತಿಗೆ ಹೊಸಬರಾಗಿ ಬಂದ ಕಾರ್ಯದರ್ಶಿಗಳ ಸಂಖ್ಯೆ ದುಬಾಯಿಯ ಹಳೆಯ ವಿದ್ಯಾರ್ಥಿಯ ಫೋನಿನಲ್ಲಿ ಎಲ್ಲಿಂದ ಬರಬೇಕು? ತಲುಪಿದಲ್ಲಿಯೂ ನೀಲಿ ಗುರುತು ಸಂದೇಶ ತೆರೆಯಲ್ಪಟ್ಟಿತೆಂಬುದಕ್ಕೆ ಸಾಕ್ಷಿಯೇ ಹೊರತು ವಿಡಿಯೋ ಕೊನೆಯವರೆಗೆ ನೋಡಲ್ಪಟ್ಟಿತೆಂಬುದಕ್ಕಲ್ಲ. 'ಕಾರ್ಯಕ್ರಮ ಯಾವತ್ತು?' ಎಂಬ ಉತ್ತರ ಬಂದರೆ ನೋಡಿಲ್ಲವೆಂದೇ ತಿಳಿಯತಕ್ಕದ್ದು, ಇಲ್ಲವೇ ನೋಡಿಯೂ ದಿನಾಂಕ ಕಿವಿಯಿಂದ ಜಾರಿತೆಂದು.

ಇಲ್ಲಿಯೇ ಬರಹದ ಅಧಿಕಾರ ಮೊದಲಾಗುವುದು. ತಾರೀಖು, ಗಂಟೆ, ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ, ದಾರಿ ಇವೆಲ್ಲ ಮತ್ತೆ ಹುಡುಕಿ ತೆಗೆಯಬೇಕಾದ, ನಕಲು ಮಾಡಿಕೊಳ್ಳಬೇಕಾದ ವಿಷಯಗಳು. ವಿಡಿಯೋದೊಳಗೆ ಆಡಿದ ಸಂಖ್ಯೆಯನ್ನು ಯಾರೂ ಹುಡುಕಲಾರರು. ಮಾಸ್ತರರ ವಿಡಿಯೋದ ಕೆಳಗೆ ಅವರ ಮೊಮ್ಮಗಳು ಈ ವಿವರಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಐದು ಸಾಲುಗಳಲ್ಲಿ ಬರೆದು ಕಳುಹಿಸಿದ್ದಳು. ಆ ಐದು ಸಾಲಿಲ್ಲದಿದ್ದರೆ ಮಮತೆ ಹುಟ್ಟಿಯೂ ಹಣ ಹೊರಡುತ್ತಿರಲಿಲ್ಲ.

ಪರಿಚಯವೇ ಇಲ್ಲದವರಿಗೆ ಮೊದಲ ಸಂದೇಶವಾಗಿ ವಿಡಿಯೋ ಕಳುಹಿಸುವುದೂ ಅನುಚಿತ. ಮುಖವರಿಯದವನು ನೇರವಾಗಿ ಒಳಮನೆಗೆ ನುಗ್ಗಿದಂತಾಗುತ್ತದೆ. ತಾನು ಯಾರು, ಯಾರ ಮುಖಾಂತರ ಸಂಖ್ಯೆ ದೊರೆಯಿತು ಎಂಬುದನ್ನು ಮೂರು ಸಾಲಿನಲ್ಲಿ ಬರೆದು ಕಾಯುವುದೇ ಲೇಸು. ಒಪ್ಪಿದ ದೇಣಿಗೆಯನ್ನು ನೆನಪಿಸುವಾಗಂತೂ ವಿಡಿಯೋ ಕೂಡದು: ಹಿರಿಯರ ಮುಖವನ್ನು ಮುಂದಿಟ್ಟು ಬಾಕಿ ಕೇಳಿದರೆ ಕೊಡುವವನು ಸಂಕೋಚದಿಂದ ಕೊಟ್ಟಾನು, ಮರುವರ್ಷ ಫೋನು ಎತ್ತನು. ಐದು ಮೈಲಿಯೊಳಗಿನ ಮನೆಗೆ ವಿಡಿಯೋ ಬರಹ ಎರಡೂ ಬೇಡ, ಹೋಗಿಯೇ ಹೇಳಬೇಕು. ಬೆಳ್ತಂಗಡಿಯಲ್ಲಿರುವವರಿಗೆ ಫೋನಿನಲ್ಲಿ ಹೇಳಿಕೆ ಬಂದರೆ ಅದನ್ನು ಅವಗಣನೆಯೆಂದು ತಿಳಿಯುವವರು ಇಂದಿಗೂ ಇದ್ದಾರೆ.

ಮಾಡು ಮುಗಿದ ಮೇಲೆ ಹೊಸ ಪಕ್ಕಾಸುಗಳನ್ನು ತೋರಿಸುವ ಇನ್ನೊಂದು ವಿಡಿಯೋ ಮಾಸ್ತರರಿಂದ ಹೋಗುವುದು ಯುಕ್ತವೇ. ಆದರೆ ಮರಕ್ಕೆಷ್ಟು, ಹಂಚಿಗೆಷ್ಟು, ಆಚಾರಿಯ ಕೂಲಿಗೆಷ್ಟು, ಉಳಿದುದೆಷ್ಟು ಎಂಬ ಲೆಕ್ಕ ಅದರ ಜೊತೆಗೇ ಬರಹದಲ್ಲಿ, ಕಾರ್ಯದರ್ಶಿಗಳ ಹೆಸರಿನಲ್ಲಿ ಹೋಗಬೇಕು.