ದೇಹಕ್ಕಿಂತ ದೊಡ್ಡ ಗಾತ್ರ: ಡಿಗಾಕ್ಸಿನ್‌ನ ಮೊದಲ ಡೋಸು

70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಇರುವ ನೀರೆಲ್ಲ ಸೇರಿದರೆ ಸುಮಾರು 42 ಲೀಟರ್. ಅದೇ ದೇಹದಲ್ಲಿ ಡಿಗಾಕ್ಸಿನ್‌ನ ವಿತರಣಾ ಗಾತ್ರ ಸುಮಾರು 500 ಲೀಟರ್ ಎಂದು ಔಷಧಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಮೈಯೊಳಗೆ ಅಂಥ ಜಾಗವೇ ಇಲ್ಲ. ದೇಹದಲ್ಲಿರುವ ಒಟ್ಟು ಔಷಧವನ್ನು ರಕ್ತದಲ್ಲಿ ಅಳೆದ ಸಾಂದ್ರತೆಯಿಂದ ಭಾಗಿಸಿದಾಗ ಬರುವ ಅಂಕಿ ಅದು. ಡಿಗಾಕ್ಸಿನ್ ರಕ್ತದಲ್ಲಿ ನಿಲ್ಲದೆ ಸ್ನಾಯುಗಳಿಗೆ ಹೋಗಿ ಅಂಟಿಕೊಳ್ಳುವುದರಿಂದ ಅಂಕಿ ಅಷ್ಟು ದೊಡ್ಡದಾಗುತ್ತದೆ. ಇದು ಕಲ್ಪಿತ ಗಾತ್ರ ನಿಜ, ಆದರೆ ಲೋಡಿಂಗ್ ಡೋಸಿನ ಲೆಕ್ಕಕ್ಕೆ ಇಷ್ಟು ಸರಳವಾದ ಸಾಧನ ಬೇರೊಂದಿಲ್ಲ. ನನ್ನ ತಕರಾರು ಇರುವುದು ಅದನ್ನು ಎಲ್ಲರಿಗೂ, ಎಲ್ಲ ಹೊತ್ತಿಗೂ ಒಂದೇ ಎಂಬಂತೆ ಬಳಸುವ ರೂಢಿಯ ಬಗ್ಗೆ.

ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಎದೆಬಡಿತ ವಿಪರೀತ ಏರಿದ, 50 ಕೆಜಿ ತೂಕದ ಹೆಂಗಸೊಬ್ಬರನ್ನು ತೆಗೆದುಕೊಳ್ಳೋಣ. ಕಿಡ್ನಿ ಚೆನ್ನಾಗಿದೆ. ದಿನಕ್ಕೊಂದು ಮಾತ್ರೆ ಎಂದು ಶುರು ಮಾಡಿದರೆ ರಕ್ತದ ಮಟ್ಟ ಒಂದು ನೆಲೆಗೆ ಬರಲು ವಾರ ಹಿಡಿಯುತ್ತದೆ, ಏಕೆಂದರೆ ಈ ಔಷಧದ ಅರ್ಧಾಯುಷ್ಯ 36ರಿಂದ 48 ಗಂಟೆ. ಅಷ್ಟು ಕಾಯುವಂತಿಲ್ಲದಾಗ ಲೋಡಿಂಗ್ ಡೋಸ್ ಬೇಕು. ಕೆಜಿಗೆ 7 ಲೀಟರಿನಂತೆ ವಿತರಣಾ ಗಾತ್ರ 350 ಲೀಟರ್. ಬೇಕಾದ ಮಟ್ಟ ಲೀಟರಿಗೆ 1.5 ಮೈಕ್ರೊಗ್ರಾಂ ಎಂದುಕೊಂಡರೆ ಮೈಯೊಳಗೆ 525 ಮೈಕ್ರೊಗ್ರಾಂ ಇರಬೇಕು. ನುಂಗಿದ ಮಾತ್ರೆಯಲ್ಲಿ ಸುಮಾರು ಶೇ. 70 ಮಾತ್ರ ರಕ್ತಕ್ಕೆ ಸೇರುವುದರಿಂದ ಕೊಡಬೇಕಾದದ್ದು 750 ಮೈಕ್ರೊಗ್ರಾಂ, ಅಂದರೆ 0.25 ಮಿಲಿಗ್ರಾಂನ ಮೂರು ಮಾತ್ರೆ. ಹೃದಯ ವೈಫಲ್ಯಕ್ಕೆಂದೇ ಕೊಡುವಾಗ ಗುರಿ ಇದಕ್ಕಿಂತ ಕಡಿಮೆ, ಒಂದರ ಒಳಗೆ. ಅಲ್ಲಿ ಸಾಮಾನ್ಯವಾಗಿ ಲೋಡಿಂಗೇ ಬೇಕಾಗುವುದಿಲ್ಲ.

ಇಲ್ಲಿ ತೂಕ ಅಂದರೆ ಯಾವ ತೂಕ? ಡಿಗಾಕ್ಸಿನ್ ಕೊಬ್ಬಿನಲ್ಲಿ ಹೆಚ್ಚು ಸೇರುವುದಿಲ್ಲ. ಹಾಗಾಗಿ ದಪ್ಪ ಮೈಯವರಲ್ಲಿ ತಕ್ಕಡಿ ತೋರಿಸುವ ತೂಕವನ್ನು ಹಾಗೇ ಹಿಡಿದು ಗುಣಿಸಿದರೆ ಡೋಸು ಹೆಚ್ಚಾಗುತ್ತದೆ. ಕಾಲು ಬಾತು ನೀರು ತುಂಬಿಕೊಂಡಿದ್ದರೂ ಅದೇ ಮಾತು.

ಇನ್ನು ಕಿಡ್ನಿ. ಲೋಡಿಂಗ್ ಡೋಸು ವಿತರಣಾ ಗಾತ್ರವನ್ನು ಅವಲಂಬಿಸುತ್ತದೆ, ದಿನನಿತ್ಯದ ಡೋಸು ಔಷಧ ಹೊರಹೋಗುವ ವೇಗವನ್ನು. ಆದ್ದರಿಂದ ಕಿಡ್ನಿ ಸೋತವರಿಗೂ ಮೊದಲ ಡೋಸು ಕಡಿಮೆ ಮಾಡಬೇಡಿ ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಬಹುತೇಕ ಔಷಧಗಳಿಗೆ ಇದು ಸರಿಯಾದ ಪಾಠ. ವ್ಯಾಂಕೊಮೈಸಿನ್‌ನ ಮೊದಲ ಡೋಸನ್ನು ಕ್ರಿಯಾಟಿನಿನ್ ನೋಡಿ ಅರ್ಧ ಮಾಡುವವರು ಸೋಂಕಿಗೆ ಮೊದಲ ದಿನವನ್ನೇ ಬಿಟ್ಟುಕೊಡುತ್ತಾರೆ. ಆದರೆ ಡಿಗಾಕ್ಸಿನ್ ಈ ನಿಯಮಕ್ಕೆ ಒಗ್ಗುವುದಿಲ್ಲ. ಕಿಡ್ನಿ ಪೂರ್ತಿ ಸೋತಾಗ ಅದು ಅಂಗಾಂಶಗಳಿಗೆ ಅಂಟುವುದೇ ಕಡಿಮೆಯಾಗಿ ವಿತರಣಾ ಗಾತ್ರ ಕೆಜಿಗೆ ನಾಲ್ಕೈದು ಲೀಟರಿಗೆ ಇಳಿಯುತ್ತದೆ. ಅದೇ ಹೆಂಗಸಿಗೆ ಕಿಡ್ನಿ ಸೋತಿದ್ದರೆ 225 ಲೀಟರ್ ಎಂದಿಟ್ಟುಕೊಳ್ಳಿ. ಆಗ ಎರಡು ಮಾತ್ರೆ ಸಾಕು. ಪಾಠದಂತೆ ಮೂರನ್ನೂ ಕೊಟ್ಟರೆ ಮಟ್ಟ 2.3ಕ್ಕೆ ಏರುತ್ತದೆ. ಎರಡು ದಾಟಿದರೆ ವಾಕರಿಕೆ, ಊಟ ಸೇರದಿರುವುದು, ಕಣ್ಣಿಗೆ ಹಳದಿ ಕಾಣುವುದು, ಎದೆಬಡಿತ ತಾಳ ತಪ್ಪುವುದು ಇವುಗಳ ಭಯ. ಫ್ಯೂರೊಸಮೈಡ್‌ನಿಂದ ಪೊಟ್ಯಾಸಿಯಂ ಇಳಿದಿದ್ದರೆ ಅದಕ್ಕಿಂತ ಕಡಿಮೆ ಮಟ್ಟದಲ್ಲೇ ತೊಂದರೆ ಶುರುವಾಗಬಹುದು.

ಸೂತ್ರದಲ್ಲಿ ಇರದ ಇನ್ನೊಂದು ಸಂಗತಿ ಹೊತ್ತು. ಔಷಧ ಸ್ನಾಯುಗಳಿಗೆ ಹಂಚಿಹೋಗಲು ಆರು ಗಂಟೆಗಿಂತ ಹೆಚ್ಚು ಬೇಕು. ಅದಕ್ಕೇ ಮೂರೂ ಮಾತ್ರೆಯನ್ನು ಒಟ್ಟಿಗೆ ನುಂಗಿಸದೆ ಆರಾರು ಗಂಟೆಗೊಂದರಂತೆ ಕೊಟ್ಟು, ಪ್ರತಿ ಸಲವೂ ನಾಡಿ ನೋಡಿ, ಇಸಿಜಿ ತೆಗೆದು ಮುಂದುವರಿಯುವುದು. ಈ ಪದ್ಧತಿ ನನಗೆ ತುಂಬ ಮೆಚ್ಚುಗೆ, ಏಕೆಂದರೆ ಊಹಿಸಿದ ವಿತರಣಾ ಗಾತ್ರ ಈ ರೋಗಿಗೆ ತಪ್ಪಾಗಿದ್ದರೆ ಮೂರನೆಯ ಮಾತ್ರೆಯನ್ನು ತಡೆಯಲು ಅವಕಾಶ ಇರುತ್ತದೆ. ಆದರೆ ಇದೇ ಎಚ್ಚರ ರಕ್ತ ತೆಗೆಯುವಾಗ ಇರುವುದಿಲ್ಲ. ಮಾತ್ರೆ ನುಂಗಿದ ಎರಡು ಗಂಟೆಗೆ ರಕ್ತ ತೆಗೆದರೆ ವರದಿ 3 ಎಂದೂ ಬರಬಹುದು. ಅದನ್ನು ವಿಷವೆಂದು ಓದಿ ಔಷಧ ನಿಲ್ಲಿಸುತ್ತಾರೆ, ಅಥವಾ ಲೆಕ್ಕವೇ ತಪ್ಪು ಎನ್ನುತ್ತಾರೆ. ಹಂಚಿಕೆ ಮುಗಿಯದೆ 350 ಲೀಟರ್ ಎಂಬ ಅಂಕಿಗೆ ಅರ್ಥವೇ ಇಲ್ಲ. ಲ್ಯಾಬಿನ ಚೀಟಿಯಲ್ಲಿ ಕೊನೆಯ ಮಾತ್ರೆ ಕೊಟ್ಟ ಸಮಯ, ರಕ್ತ ತೆಗೆದ ಸಮಯ ಎರಡೂ ಇಲ್ಲದಿದ್ದರೆ ಆ ವರದಿಯನ್ನು ನಂಬಬಾರದು.

ವಿಷವೇ ಏರಿದಾಗ ಡಯಾಲಿಸಿಸ್ ಮಾಡಿಸಿ ತೆಗೆಯೋಣ ಎನ್ನುವವರಿಗೂ ಇದೇ ಅಂಕಿ ಉತ್ತರ ಕೊಡುತ್ತದೆ. ನಮ್ಮ ಹೆಂಗಸಿನ ಮೈಯಲ್ಲಿ 525 ಮೈಕ್ರೊಗ್ರಾಂ ಇದ್ದಾಗ ಎರಡೂವರೆ ಲೀಟರ್ ಪ್ಲಾಸ್ಮಾದಲ್ಲಿ ಇರುವುದು ನಾಲ್ಕು ಮೈಕ್ರೊಗ್ರಾಂಗೂ ಕಡಿಮೆ. ಯಂತ್ರ ರಕ್ತವನ್ನು ಎಷ್ಟು ತೊಳೆದರೂ ಸ್ನಾಯುಗಳಲ್ಲಿರುವುದು ಅಲ್ಲೇ ಉಳಿಯುತ್ತದೆ; ಜೀವಕ್ಕೆ ಅಪಾಯವಾದಾಗ ಬೇಕಾಗುವುದು ಡಿಗಾಕ್ಸಿನ್ ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯದ ಇಂಜೆಕ್ಷನ್.