ವಾರ ಕಳೆದರೂ ರಿವ್ಯೂ ಬಾರದಿದ್ದಾಗ

ಪುಲ್ ರಿಕ್ವೆಸ್ಟ್ ಕಳಿಸಿ ವಾರವಾಗಿದೆ. ಟೆಸ್ಟ್‌ಗಳೆಲ್ಲ ಪಾಸಾಗಿವೆ, ರಿವ್ಯೂವರ್ ಕಡೆಯಿಂದ ಮಾತ್ರ ಸದ್ದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: "ಏನಾದರೂ ಅಪ್‌ಡೇಟ್ ಇದೆಯೇ?" ಮಾತಿನಲ್ಲಿ ಒರಟುತನವೇನೂ ಇಲ್ಲ. ಆದರೆ ಅದನ್ನು ಓದಿದ ರಿವ್ಯೂವರ್‌ಗೆ ಇದು ಯಾವ ಪಿಆರ್, ಎಲ್ಲಿಗೆ ಬಂದು ನಿಂತಿತ್ತು, ಈಗ ತಾವು ಏನು ನೋಡಬೇಕು ಎಂಬುದು ಒಂದೂ ಗೊತ್ತಾಗುವುದಿಲ್ಲ. ಅವರು ಪಿಆರ್ ತೆರೆದು, ಹಳೆಯ ಮಾತುಕತೆಯನ್ನು ಮೊದಲಿನಿಂದ ಓದಿ, ಹೊಸ ಕಮಿಟ್‌ಗಳನ್ನು ಹುಡುಕಬೇಕು. ಅಷ್ಟಕ್ಕೆ ಬಿಡುವಿದ್ದಿದ್ದರೆ ವಾರದ ಹಿಂದೆಯೇ ಮಾಡಿರುತ್ತಿದ್ದರು. ಈ ಹುಡುಕಾಟವನ್ನು ತಾನೇ ಮಾಡಿಕೊಡುವ ಕಮೆಂಟನ್ನೇ ಸೌಜನ್ಯದ ಜ್ಞಾಪನೆ ಎನ್ನಬಹುದು.

ಬರೆಯುವ ಮುನ್ನ, ಒಂದು ವಾರ ಎಂಬುದು ಆ ಪ್ರಾಜೆಕ್ಟಿನಲ್ಲಿ ತಡವೋ ಅಲ್ಲವೋ ಎಂದು ನೋಡಿಕೊಳ್ಳಬೇಕು. ಗೂಗಲ್ ಪ್ರಕಟಿಸಿರುವ ಕೋಡ್ ರಿವ್ಯೂ ಕೈಪಿಡಿಯ ಪ್ರಕಾರ, ರಿವ್ಯೂ ಕೋರಿಕೆಗೆ ಉತ್ತರಿಸಲು ಗರಿಷ್ಠ ಅವಧಿ ಒಂದು ಕೆಲಸದ ದಿನ. ಅಲ್ಲಿ ಒಂದು ವಾರದ ಮೌನವೆಂದರೆ ಏನೋ ತಪ್ಪಿಹೋಗಿದೆ ಎಂದೇ ಅರ್ಥ. 2023ರಲ್ಲಿ ಗಿಟ್‌ಹಬ್ ಪುಲ್ ರಿಕ್ವೆಸ್ಟ್‌ಗಳಿಗೆ ಬಂದ ಎಲ್‌ಎಲ್‌ವಿಎಂ ಕಂಪೈಲರ್ ಪ್ರಾಜೆಕ್ಟಿನಲ್ಲಿ ವಾರಕ್ಕೊಮ್ಮೆ ನೆನಪಿಸುವುದು ವಾಡಿಕೆ, ಅದನ್ನು ನೀತಿಯಲ್ಲೇ ಬರೆದಿಟ್ಟಿದ್ದಾರೆ. ರಸ್ಟ್ ಭಾಷೆಯ ಪ್ರಾಜೆಕ್ಟಿಗೆ ಮೊದಲ ಸಲ ಪಿಆರ್ ಕಳಿಸಿದವರಿಗೆ ಅಲ್ಲಿನ ಬಾಟ್ ಕೊಡುವ ಸ್ವಾಗತದಲ್ಲಿ, ಎರಡು ವಾರದೊಳಗೆ ಉತ್ತರ ಬಂದೀತು ಎಂಬ ಮಾತಿರುತ್ತದೆ. ಅಲ್ಲಿ ಏಳನೆಯ ದಿನ ಜ್ಞಾಪಿಸುವುದು ಆತುರವಾಗುತ್ತದೆ. ಇಮೇಲ್ ಮೂಲಕ ಪ್ಯಾಚ್ ಸ್ವೀಕರಿಸುವ ಲಿನಕ್ಸ್ ಕರ್ನೆಲ್‌ನವರು ಕನಿಷ್ಠ ಒಂದು ವಾರ ಕಾಯಿರಿ ಎನ್ನುತ್ತಾರೆ. ಹೊಸ ಆವೃತ್ತಿಗಾಗಿ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಎರಡು ವಾರಗಳಲ್ಲಿ ಇನ್ನೂ ಹೆಚ್ಚು ಕಾಯಬೇಕಾದೀತು ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಪ್ರಾಜೆಕ್ಟಿನ `CONTRIBUTING.md` ಕಡತದಲ್ಲಿ ಇಂಥ ಸೂಚನೆ ಇದ್ದರೆ ಅದನ್ನೇ ಅನುಸರಿಸಬೇಕು. ಅಲ್ಲಿ ಏನೂ ಹೇಳಿಲ್ಲದಿದ್ದರೆ, ಇತ್ತೀಚೆಗೆ ಮರ್ಜ್ ಆದ ಐದಾರು ಪಿಆರ್‌ಗಳನ್ನು ತೆರೆದು ಮೊದಲ ಉತ್ತರ ಎಷ್ಟು ದಿನಕ್ಕೆ ಬಂದಿದೆ ಎಂದು ನೋಡಿದರೆ ಅಂದಾಜು ಸಿಗುತ್ತದೆ.

ಇನ್ನು ಮೌನಕ್ಕೆ ಕಾರಣ. ರಿವ್ಯೂವರ್ ನೋಡಿಯೂ ಸುಮ್ಮನಿದ್ದಾರೆ ಎಂದೇ ಕಾಯುವವರಿಗೆ ಅನಿಸುತ್ತದೆ. ಎಷ್ಟೋ ಸಲ ಆ ಪಿಆರ್ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಗಿಟ್‌ಹಬ್‌ನಲ್ಲಿ ತಮ್ಮ ಪಾಲಿಗೆ ಬಂದ ಕೆಲಸವನ್ನು ಅನೇಕ ರಿವ್ಯೂವರ್‌ಗಳು ಈ ಹುಡುಕಾಟದಿಂದ ನೋಡುತ್ತಾರೆ:

```
is:open is:pr review-requested:@me
```

ಇದರ ನಡವಳಿಕೆಯಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ರಿವ್ಯೂವರ್ ಒಮ್ಮೆ ರಿವ್ಯೂ ಬರೆದು ಕಳಿಸಿದ ಕೂಡಲೇ ಆ ಪಿಆರ್ ಈ ಪಟ್ಟಿಯಿಂದ ಇಳಿದುಹೋಗುತ್ತದೆ. ರಿವ್ಯೂವರ್ ಹೇಳಿದ್ದನ್ನೆಲ್ಲ ಪಿಆರ್ ಬರೆದವರು ಸರಿಪಡಿಸಿ ಹೊಸ ಕಮಿಟ್ ಪುಶ್ ಮಾಡಿದರೂ ಅದು ತಾನಾಗಿ ಪಟ್ಟಿಗೆ ಮರಳುವುದಿಲ್ಲ. ಬಲಬದಿಯ `Reviewers` ಪಟ್ಟಿಯಲ್ಲಿ ರಿವ್ಯೂವರ್ ಹೆಸರಿನ ಪಕ್ಕದ ಸುತ್ತುಬಾಣದ ಗುರುತನ್ನು ಒತ್ತಿ ರಿವ್ಯೂ ಮತ್ತೆ ಕೇಳಬೇಕು, ಆಗ ಮರಳುತ್ತದೆ. ರಸ್ಟ್ ಪ್ರಾಜೆಕ್ಟಿನಲ್ಲಿ ಇದೇ ಕೆಲಸವನ್ನು ಲೇಬಲ್‌ಗಳು ಮಾಡುತ್ತವೆ. ರಿವ್ಯೂವರ್ ತಿದ್ದುಪಡಿ ಕೇಳಿದಾಗ ಪಿಆರ್‌ಗೆ `S-waiting-on-author` ಎಂಬ ಲೇಬಲ್ ಬೀಳುತ್ತದೆ. ತಿದ್ದಿದ ಮೇಲೆ `@rustbot ready` ಎಂದು ಕಮೆಂಟ್ ಮಾಡಿದರೆ ಅದು `S-waiting-on-review` ಆಗುತ್ತದೆ. ಈ ಒಂದು ಸಾಲನ್ನು ಮರೆತರೆ ಎರಡೂ ಕಡೆಯವರು ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತ ಕೂರುತ್ತಾರೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಹಂತಹಂತವಾಗಿ ನೋಡೋಣ. ಮೊಬೈಲ್ ಪರದೆಯಲ್ಲಿ ಊರುಗಳ ಹೆಸರನ್ನು ಐದು ಅಕ್ಷರಕ್ಕೆ ಮೊಟಕುಗೊಳಿಸುವ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ ಇದೆ, ಅದನ್ನು ನೋಡಿಕೊಳ್ಳುವವರು ಸ್ವಯಂಸೇವಕರು. ಹಳೆಯ ಕೋಡ್ `slice(0, 5)` ಬಳಸುತ್ತಿತ್ತು. ಕನ್ನಡದ ಮಟ್ಟಿಗೆ ಅದು ತಪ್ಪು, ಏಕೆಂದರೆ ಗುಣಿತದ ಚಿಹ್ನೆ, ಸೊನ್ನೆ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. "ಬೆಂಗಳೂರು" ಓದುವವರಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಎಂಟು. ಹಾಗಾಗಿ ಪರದೆಯ ಮೇಲೆ "ಬೆಂಗಳ…" ಎಂದು ಉಳಿಯುತ್ತಿತ್ತು. ಯುವ ಡೆವಲಪರ್ ಒಬ್ಬರು `Intl.Segmenter` ಬಳಸಿ ಇದನ್ನು ಸರಿಪಡಿಸುವ ಪಿಆರ್ ಕಳಿಸಿದರು.

```
"ಬೆಂಗಳೂರು".length                                     // 8
[...new Intl.Segmenter("kn").segment("ಬೆಂಗಳೂರು")].length  // 4
```

ರಿವ್ಯೂವರ್ ಸೋಮವಾರ ಎರಡು ಮಾತು ಬರೆದರು. ಈ ಸೌಲಭ್ಯವಿಲ್ಲದ ಹಳೆಯ ಬ್ರೌಸರ್‌ನಲ್ಲಿ ಏನಾಗುತ್ತದೆ ಎಂಬುದು ಮೊದಲ ಪ್ರಶ್ನೆ. ಫೈರ್‌ಫಾಕ್ಸ್‌ಗೆ ಇದು ಬಂದದ್ದೇ 2024ರಲ್ಲಾದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಕನ್ನಡ ಹೆಸರುಗಳಿಗೆ ಟೆಸ್ಟ್ ಸೇರಿಸಿ ಎಂಬುದು ಎರಡನೆಯದು. ಡೆವಲಪರ್ ಬುಧವಾರ ಎರಡಕ್ಕೂ ಕಮಿಟ್ ಪುಶ್ ಮಾಡಿ, "ಸರಿಪಡಿಸಿದ್ದೇನೆ" ಎಂದಷ್ಟೇ ಬರೆದರು. ಮುಂದಿನ ಬುಧವಾರದವರೆಗೆ ಉತ್ತರವಿಲ್ಲ.

ಜ್ಞಾಪನೆ ಬರೆಯುವ ಮುನ್ನ ಅವರು ತಮ್ಮ ಪಿಆರ್ ಅನ್ನೇ ಒಮ್ಮೆ ಹೊರಗಿನವರಂತೆ ನೋಡಬೇಕು. ಅದು ಡ್ರಾಫ್ಟ್ ಸ್ಥಿತಿಯಲ್ಲೇ ಉಳಿದಿದೆಯೇ, ಟೆಸ್ಟ್ ಈಗಲೂ ಪಾಸಾಗುತ್ತಿದೆಯೇ, ಉತ್ತರಿಸದೆ ಬಿಟ್ಟ ಪ್ರಶ್ನೆ ಇದೆಯೇ, `main` ಜೊತೆ ಕಾನ್‌ಫ್ಲಿಕ್ಟ್ ಬಂದಿದೆಯೇ? ಈ ಪ್ರಸಂಗದಲ್ಲಿ ವಾರದ ನಡುವೆ ಬೇರೊಬ್ಬರ ಬದಲಾವಣೆ ಮರ್ಜ್ ಆಗಿ, ಒಂದು ಕಡತದಲ್ಲಿ ಕಾನ್‌ಫ್ಲಿಕ್ಟ್ ಎದ್ದಿತ್ತು. ಅದನ್ನು ಹಾಗೇ ಬಿಟ್ಟು ಜ್ಞಾಪಿಸಿದ್ದರೆ "ಮೊದಲು ಕಾನ್‌ಫ್ಲಿಕ್ಟ್ ಬಿಡಿಸಿ" ಎಂಬ ಉತ್ತರ ಬಂದು ಇನ್ನೊಂದು ವಾರ ಹೋಗುತ್ತಿತ್ತು.

ಕಾನ್‌ಫ್ಲಿಕ್ಟ್ ಬಿಡಿಸುವ ರೀತಿಯೂ ಇಲ್ಲಿ ಮುಖ್ಯ. ರಿಬೇಸ್ ಮಾಡಿ ಫೋರ್ಸ್ ಪುಶ್ ಮಾಡಿದರೆ ಕಮಿಟ್‌ಗಳ ಗುರುತೇ ಬದಲಾಗುತ್ತದೆ. ಕಳೆದ ರಿವ್ಯೂ ನಂತರ ಏನು ಬದಲಾಯಿತು ಎಂದು ಬಿಡಿಸಿ ನೋಡುವುದು ರಿವ್ಯೂವರ್‌ಗೆ ಕಷ್ಟವಾಗುತ್ತದೆ, ಅವರು ಮತ್ತೆ ಪೂರ್ತಿ ಓದಬೇಕಾಗಬಹುದು. ಪ್ರಾಜೆಕ್ಟಿನ ನಿಯಮ ಬೇರೆ ಹೇಳದಿದ್ದರೆ, ಅರ್ಧ ರಿವ್ಯೂ ಆಗಿರುವ ಪಿಆರ್‌ಗೆ `main` ಅನ್ನು ಮರ್ಜ್ ಮಾಡಿಕೊಳ್ಳುವುದೇ ವಾಸಿ. ಆಗ ಅವರು ಒಮ್ಮೆ ಓದಿ ಮುಗಿಸಿದ ಕಮಿಟ್‌ಗಳು ಇದ್ದಲ್ಲೇ ಇರುತ್ತವೆ.

ಇಷ್ಟಾದ ಮೇಲೆ ಸುತ್ತುಬಾಣ ಒತ್ತಬೇಕು, ಆ ಗುರುತು ಕಾಣದಿದ್ದರೆ ಕಮೆಂಟಿನಲ್ಲೇ `@` ಹಾಕಿ ಹೆಸರಿಸಬೇಕು. ಕಮೆಂಟ್ ಹೀಗಿರಬಹುದು:

"ನಮಸ್ಕಾರ ಮೇಡಂ. ಊರಿನ ಹೆಸರು ಗುಣಿತದ ನಡುವೆ ತುಂಡಾಗುವುದನ್ನು ತಪ್ಪಿಸುವ ಪಿಆರ್ ಇದು. ನೀವು ಕೇಳಿದ್ದ ಎರಡನ್ನೂ ಮಾಡಿದ್ದೇನೆ: ಹಳೆಯ ಬ್ರೌಸರ್‌ಗೆ ಬದಲಿ ದಾರಿ a41f09c ಕಮಿಟ್‌ನಲ್ಲಿದೆ, ಟೆಸ್ಟ್‌ಗಳು 7be2d13 ಕಮಿಟ್‌ನಲ್ಲಿವೆ. ಇಂದು `main` ಮರ್ಜ್ ಮಾಡಿ ಒಂದು ಕಾನ್‌ಫ್ಲಿಕ್ಟ್ ಬಿಡಿಸಿದ್ದೇನೆ, ಬೇರೇನೂ ಬದಲಾಗಿಲ್ಲ. ನಿಮ್ಮಿಂದ ಒಂದು ತೀರ್ಮಾನ ಬೇಕಿತ್ತು. ಶಿವಮೊಗ್ಗದಂಥ ಹೆಸರಿನಲ್ಲಿ ಒತ್ತಕ್ಷರ ಒಡೆಯದಂತೆ ಬೇರೆ ತಪಾಸಣೆ ಬರೆಯಬೇಕು. ಅದನ್ನು ಇದರಲ್ಲೇ ಸೇರಿಸಲೋ, ಇನ್ನೊಂದು ಪಿಆರ್ ಮಾಡಲೋ? ಈ ವಾರ ನಿಮಗೆ ಬಿಡುವಿಲ್ಲದಿದ್ದರೆ ಬೇರೆ ಯಾರನ್ನು ಕೇಳಬಹುದು ಎಂದು ತಿಳಿಸಿದರೂ ಸಾಕು."

ಇದರಲ್ಲಿ "ವಾರವಾಯಿತು" ಎಂಬ ಮಾತಿಲ್ಲ. ಕಾದ ದಿನಗಳ ಲೆಕ್ಕವನ್ನು ಗಿಟ್‌ಹಬ್ ಪ್ರತಿ ಕಮೆಂಟಿನ ಮೇಲೂ ತೋರಿಸುತ್ತದೆ. ಅದನ್ನೇ ಮತ್ತೆ ಬರೆದರೆ ಆಕ್ಷೇಪಣೆಯಂತೆ ಕೇಳಿಸುತ್ತದೆ. ಮೊದಲ ವಾಕ್ಯ ಪಿಆರ್ ಯಾವುದೆಂದು ನೆನಪಿಗೆ ತರುತ್ತದೆ. ಎರಡು ಕಮಿಟ್‌ಗಳ ಗುರುತು ಇರುವುದರಿಂದ ಎಲ್ಲಿ ನೋಡಬೇಕೆಂಬುದೂ ಗೊತ್ತಾಗುತ್ತದೆ, ಗಿಟ್‌ಹಬ್ ಅವುಗಳನ್ನು ತಾನೇ ಲಿಂಕ್ ಮಾಡುತ್ತದೆ. "ಬೇರೇನೂ ಬದಲಾಗಿಲ್ಲ" ಎಂಬ ಮಾತು ಅವರ ಓದನ್ನು ಅರ್ಧಕ್ಕರ್ಧ ಇಳಿಸುತ್ತದೆ, ಆದ್ದರಿಂದ ಅದು ನಿಜವಾಗಿರಲೇಬೇಕು. ಒತ್ತಕ್ಷರದ ಪ್ರಶ್ನೆಗೆ ಫೋನಿನಿಂದಲೇ ಒಂದು ಸಾಲಿನಲ್ಲಿ ಉತ್ತರಿಸಬಹುದು. ಪೂರ್ತಿ ರಿವ್ಯೂಗೆ ಸಮಯವಿಲ್ಲದವರಿಗೂ ಆಗುವಂಥ ಒಂದು ಕೆಲಸ ಹೀಗೆ ಸಿಕ್ಕಿತು. ಕೊನೆಯ ವಾಕ್ಯ ಇಲ್ಲವೆನ್ನಲು ದಾರಿ ಬಿಡುತ್ತದೆ. ಸ್ವಯಂಸೇವಕರ ಪ್ರಾಜೆಕ್ಟಿನಲ್ಲಿ "ನನಗಾಗುವುದಿಲ್ಲ" ಎನ್ನಲು ಸಂಕೋಚಪಟ್ಟೇ ಎಷ್ಟೋ ರಿವ್ಯೂವರ್‌ಗಳು ಸುಮ್ಮನಿರುತ್ತಾರೆ.

ಗಡುವು ನಿಜವಾಗಿಯೂ ಇದ್ದರೆ ಕಾರಣ ಸಹಿತ ಹೇಳಬೇಕು: "ಶುಕ್ರವಾರದ ಬಿಡುಗಡೆಗೆ ಇದು ಸೇರಬೇಕಿದೆ, ಇಲ್ಲವಾದರೆ ಮುಂದಿನ ತಿಂಗಳಿಗೆ ಹೋಗುತ್ತದೆ." ಇಲ್ಲದ ಗಡುವನ್ನು ಕಟ್ಟಿದರೆ ಮುಂದಿನ ಸಲ ನಿಜವಾದ ಗಡುವಿಗೂ ಬೆಲೆ ಸಿಗುವುದಿಲ್ಲ. ಒಬ್ಬರು ಉತ್ತರಿಸಲಿಲ್ಲವೆಂದು ಐದು ಜನರನ್ನು ಒಟ್ಟಿಗೆ `@` ಹಾಕಿ ಕರೆಯುವುದೂ ಬೇಡ, ಐವರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆ ಎಂದುಕೊಳ್ಳುತ್ತಾರೆ. ಖಾಸಗಿ ಸಂದೇಶ ಕಳಿಸುವ ಆಸೆಯಾಗಬಹುದು. ಒಂದೇ ಆಫೀಸಿನವರಾದರೆ ಅದು ಸರಿ. ಮುಕ್ತ ಪ್ರಾಜೆಕ್ಟಿನಲ್ಲಿ ಆ ಮಾತುಕತೆ ಪಿಆರ್‌ನಲ್ಲಿ ದಾಖಲಾಗುವುದಿಲ್ಲ, ಮುಂದೆ ಕೋಡ್ ಓದುವವರಿಗೆ ತೀರ್ಮಾನದ ಕಾರಣ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇನ್ನೊಂದು ವಾರ ಮೌನವೇ ಮುಂದುವರಿದರೆ ಅದೇ ಜ್ಞಾಪನೆಯನ್ನು ಮತ್ತೆ ಬರೆಯಬೇಕಿಲ್ಲ. `CODEOWNERS` ಕಡತ ಇದ್ದರೆ ಆ ಭಾಗದ ಕೋಡ್‌ಗೆ ಹೊಣೆಗಾರರು ಯಾರೆಂದು ಅದರಲ್ಲಿ ಸಿಗುತ್ತದೆ. ಇಲ್ಲದಿದ್ದರೆ `git log` ಜೊತೆ ಕಡತದ ಹೆಸರು ಕೊಟ್ಟು ಇತ್ತೀಚೆಗೆ ಅದನ್ನು ಮುಟ್ಟಿದವರು ಯಾರೆಂದು ನೋಡಬಹುದು. ಅವರಲ್ಲಿ ಒಬ್ಬರನ್ನು ಕೇಳುವಾಗ ಮೊದಲ ರಿವ್ಯೂವರ್ ಏನೇನು ಒಪ್ಪಿದ್ದಾರೆ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಹೊಸಬರು ಮುಗಿದ ಚರ್ಚೆಯನ್ನು ಮತ್ತೆ ತೆರೆಯುತ್ತಾರೆ.

ಪಿಆರ್‌ನ ಗಾತ್ರವನ್ನೂ ಆಗ ನೋಡಿಕೊಳ್ಳಬೇಕು. ಗೂಗಲ್ ಕೈಪಿಡಿಯ ಅಂದಾಜಿನಲ್ಲಿ ನೂರು ಸಾಲಿನ ಬದಲಾವಣೆ ಸಾಮಾನ್ಯವಾಗಿ ಸರಿಯಾದ ಗಾತ್ರ, ಸಾವಿರ ಸಾಲು ಅತಿಯಾಯಿತು. ಎಂಟುನೂರು ಸಾಲಿನ ಪಿಆರ್ ಕಾಯುತ್ತಿದ್ದರೆ ಎಂಥ ಕಮೆಂಟ್ ಬರೆದರೂ ಅದನ್ನು ಓದಲು ಅರ್ಧ ದಿನವೇ ಬೇಕು. ಅದರಲ್ಲಿ ಸ್ವತಂತ್ರವಾಗಿ ನಿಲ್ಲುವ ಭಾಗವನ್ನು, ಉದಾಹರಣೆಗೆ ಟೆಸ್ಟ್‌ಗಳನ್ನೋ ಹೆಸರು ಬದಲಿಸಿದ ಕಡತಗಳನ್ನೋ, ಬೇರೆ ಪಿಆರ್ ಆಗಿ ತೆಗೆದು, "ಮೊದಲ ತುಂಡನ್ನು ಬೇರೆ ಮಾಡಿದ್ದೇನೆ, ಎಪ್ಪತ್ತು ಸಾಲಿದೆ" ಎಂದು ಹಳೆಯ ಪಿಆರ್‌ನಲ್ಲಿ ಬರೆದರೆ ಎರಡನೆಯ ಜ್ಞಾಪನೆಯ ಕೆಲಸವನ್ನು ಅದೇ ಮಾಡುತ್ತದೆ.